24ನೇ ರ‍್ಯಾಕ್ ಎಲ್ಲಿ ಹೋಯಿತು?

ಹೋದ ವಾರ ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗನೊಬ್ಬನ ಟಿಪ್ಪಣಿಯನ್ನು ವಾಪಸ್ ಕಳಿಸಿದೆ. ಎರಡು ಪ್ರಿಂಟರ್ ಖರೀದಿಯ ಕಡತ ಅದು. ದೊಡ್ಡ ವಿಷಯವೇನಲ್ಲ. ಕಡೆಯ ಸಾಲು ಹೀಗಿತ್ತು: "ಅನುದಾನ ಲಭ್ಯವಿರುವುದರಿಂದ ನಿಯಮಾನುಸಾರ ಮಂಜೂರಾತಿ ನೀಡಬಹುದಾಗಿದೆ." ನಾನು ಕೆಳಗೆ "ಯಾವ ನಿಯಮ?" ಅಂತ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಹುಡುಗ ಮೇಜಿನ ಮುಂದೆ ನಿಂತಿದ್ದ. "ಸರ್, ಹಳೆಯ ಹತ್ತು ಕಡತದಲ್ಲೂ ಹೀಗೇ ಇದೆ. ಎಲ್ಲಾ ಅನುಮೋದನೆ ಆಗಿವೆ. ಇದರಲ್ಲಿ ತಪ್ಪೇನಿದೆ?"

ತಪ್ಪೇನೂ ಇಲ್ಲ. ಅದೇ ತೊಂದರೆ. ಆ ಸಾಲು ಯಾವತ್ತೂ ತಪ್ಪಾಗುವುದಿಲ್ಲ, ಯಾಕೆಂದರೆ ಅದು ಏನನ್ನೂ ಹೇಳುವುದಿಲ್ಲ. ಅವನಿಗೆ ಅಷ್ಟು ಹೇಳಿದೆ. ಅವನು ತಲೆ ಆಡಿಸಿ ಹೋದ, ಒಪ್ಪಿದ ಹಾಗೆ ಕಾಣಲಿಲ್ಲ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅವನಿಗೆ ನಾನು ಹೇಳಬೇಕಿದ್ದದ್ದು 2018ರ ಒಂದು ಕಡತದ ಕಥೆ. ಅದೂ ಖರೀದಿಯದೇ. ಇಪ್ಪತ್ತನಾಲ್ಕು ಕಬ್ಬಿಣದ ರ‍್ಯಾಕ್. ಆಗ ನಾನು ಬೆಂಗಳೂರಿನ ಒಂದು ನಿರ್ದೇಶನಾಲಯದಲ್ಲಿ ಪ್ರಥಮ ದರ್ಜೆ ಸಹಾಯಕ, ಅಂದರೆ ಕೇಸ್ ವರ್ಕರ್. ಇಲಾಖೆಯ ಹೆಸರು ಬೇಡ. ಅಂಕಿಗಳನ್ನೂ ಲೆಕ್ಕ ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಕಥೆ ಶುರುವಾಗಿದ್ದು ರೆಕಾರ್ಡ್ ರೂಮಿನಿಂದ. ಮಳೆಗಾಲದಲ್ಲಿ ಉತ್ತರದ ಗೋಡೆ ನೆನೆದು, ಅದಕ್ಕೆ ಒರಗಿಸಿದ್ದ ಮರದ ಬೀರುಗಳಿಗೆ ಗೆದ್ದಲು ಹತ್ತಿತ್ತು. ರೆಕಾರ್ಡ್ ಕೀಪರ್ ಒಂದು ಪತ್ರ ಕೊಟ್ಟರು: 24 ಬೀರುಗಳು ಹಾಳಾಗಿವೆ, 24 ರ‍್ಯಾಕ್ ಬೇಕು. ಆ ಪತ್ರ ಕಡತದ ಮೂರನೇ ಪುಟವಾಯಿತು. ಈ ಮೂರನೇ ಪುಟವನ್ನು ನೆನಪಿಟ್ಟುಕೊಳ್ಳಿ.

ನಾನು ಅಂಗಡಿಯವರಿಂದ ದರ ತರಿಸಿದೆ. ಒಂದಕ್ಕೆ 18,000. ಇಪ್ಪತ್ತನಾಲ್ಕಕ್ಕೆ 4,32,000. ಹಸಿರು ಹಾಳೆಯಲ್ಲಿ ಹನ್ನೊಂದು ಕಂಡಿಕೆ ಬರೆದೆ. ಕೊನೆಗೆ ಅದೇ ಸಾಲು, ಅನುದಾನ ಲಭ್ಯವಿರುವುದರಿಂದ ನಿಯಮಾನುಸಾರ ಇತ್ಯಾದಿ. ಕೆಳಗೆ ಎಡಗಡೆ ನನ್ನ ಸಹಿ. ಕೆಂಪು ಟ್ಯಾಗ್ ಬಿಗಿದು ಅಧೀಕ್ಷಕರ ಮೇಜಿಗೆ ಇಟ್ಟೆ. ಅವತ್ತು ಸಂಜೆ ನನಗೆ ತುಂಬ ಹೆಮ್ಮೆಯಾಗಿತ್ತು ಅಂತ ಹೇಳಲು ಈಗ ನಾಚಿಕೆ ಏನಿಲ್ಲ.

ಮೂರು ಬೇರೆ ಬೇರೆ ಪ್ರಶ್ನೆ

ಕಡತ ಅಧೀಕ್ಷಕ ಮೇಡಂ ದಾಟಿತು. ವ್ಯವಸ್ಥಾಪಕರನ್ನು ದಾಟಿತು. ಲೆಕ್ಕ ಶಾಖೆಗೆ ಹೋಯಿತು. ಅಲ್ಲಿಂದ ಲೆಕ್ಕಾಧಿಕಾರಿಯ ಮೇಜಿಗೆ. ಅವರು ನಮ್ಮ ಇಲಾಖೆಯವರಲ್ಲ. ಲೆಕ್ಕಪತ್ರ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು. ಹಾಗಾಗಿ ನಮ್ಮ ನಿರ್ದೇಶಕರ ಮುಖ ನೋಡಿ ಸಹಿ ಹಾಕಬೇಕಾದ ಅಗತ್ಯ ಅವರಿಗೆ ಬೇರೆಯವರಿಗಿಂತ ಸ್ವಲ್ಪ ಕಡಿಮೆ. ಮೂರನೇ ದಿನ ಕಡತ ನನ್ನ ಬಳಿಗೇ ಬಂತು. "ನಿಯಮಾನುಸಾರ" ಅನ್ನುವ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ. ಪಕ್ಕದ ಅಂಚಿನಲ್ಲಿ ಒಂದೇ ಪದ: "ಹೇಗೆ?"

ಹೋಗಿ ಕೇಳಿದೆ. ಅವರು ಕುರ್ಚಿ ತೋರಿಸಿದರು. "ಕೂತ್ಕೊಳ್ರೀ. ದುಡ್ಡಿದೆ ಅಂತ ಬರೆದಿದ್ದೀರಿ. ಸರಿ. ದುಡ್ಡಿದ್ದರೆ ಖರ್ಚು ಮಾಡಬಹುದು ಅಂತ ಯಾರು ಹೇಳಿದ್ದು?"

ಅವತ್ತಿನವರೆಗೂ ನಾನು ಹಾಗೇ ಅಂದುಕೊಂಡಿದ್ದೆ. ಬಜೆಟ್ ಪುಸ್ತಕದಲ್ಲಿ ನಮ್ಮ ಹೆಸರಿನಲ್ಲಿ ಹಣ ಇದೆ, ವಿಧಾನಮಂಡಲ ಒಪ್ಪಿದೆ, ಖಜಾನೆಯ ತಂತ್ರಾಂಶದಲ್ಲಿ ಅಂಕಿ ಕಾಣುತ್ತಿದೆ, ಇನ್ನೇನು ಬೇಕು? ಅವರು ಬಿಡಿಸಿ ಹೇಳಿದರು. ವಿಧಾನಮಂಡಲ ಒಪ್ಪಿದ್ದು ಇಷ್ಟರೊಳಗೆ ಖರ್ಚು ಮಾಡಬಹುದು ಅನ್ನುವ ಗೆರೆಯನ್ನು. ಆ ಗೆರೆಯೊಳಗೆ ಒಂದೊಂದು ಖರ್ಚಿಗೂ ಅಧಿಕಾರ ಇರುವವರೊಬ್ಬರು ಬೇರೆಯಾಗಿ ಹೂಂ ಅನ್ನಬೇಕು. ಅದೇ ಮಂಜೂರಾತಿ. ಅನುದಾನ ಇದ್ದು ಮಂಜೂರಾತಿ ಇಲ್ಲದಿದ್ದರೆ ಖರ್ಚು ಮಾಡುವಂತಿಲ್ಲ. ಮಂಜೂರಾತಿ ಇದ್ದು ಅನುದಾನ ಇಲ್ಲದಿದ್ದರೂ ಮಾಡುವಂತಿಲ್ಲ. ಮನೆಯಲ್ಲಿ ಅಪ್ಪನ ಜೇಬಿನಲ್ಲಿ ದುಡ್ಡಿದೆ ಅಂತ ಮಗ ಬೈಕ್ ತಂದರೆ ಹೇಗೋ ಹಾಗೆ.

ಅಂದರೆ ಟಿಪ್ಪಣಿ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು, ಮೂರಕ್ಕೂ ಪುಸ್ತಕ ಬೇರೆ ಬೇರೆ. ಹಣ ಇದೆಯೇ ಅನ್ನುವುದಕ್ಕೆ 1975ರ ಬಜೆಟ್ ಕೈಪಿಡಿ ಮತ್ತು ಆ ವರ್ಷದ ಬಿಡುಗಡೆ ಆದೇಶ. ಒಪ್ಪಲು ಯಾರಿಗೆ ಅಧಿಕಾರ ಅನ್ನುವುದಕ್ಕೆ 1958ರ ಆರ್ಥಿಕ ಸಂಹಿತೆ, ಅದೇ ವರ್ಷದ ಸಾದಿಲ್ವಾರು ಅಂದರೆ ಕಚೇರಿಯ ಬಿಡಿ ವೆಚ್ಚದ ಕೈಪಿಡಿ, ಮತ್ತು ಕಾಲಕಾಲಕ್ಕೆ ಬರುವ ಆರ್ಥಿಕ ಅಧಿಕಾರ ಪ್ರತ್ಯಾಯೋಜನೆಯ ಆದೇಶ. ಯಾವ ಹುದ್ದೆಯವರು ಎಷ್ಟರವರೆಗೆ ಒಪ್ಪಬಹುದು ಅಂತ ಹೇಳುವ ಆದೇಶ ಅದು, ನಾವೆಲ್ಲ ಅದನ್ನು ಡೆಲಿಗೇಷನ್ ಅಂತೀವಿ. ಕೊಳ್ಳುವುದು ಹೇಗೆ ಅನ್ನುವುದಕ್ಕೆ 1999ರ ಕೆಟಿಪಿಪಿ ಕಾಯ್ದೆ, ಅಂದರೆ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ. ನಾನು ಮೊದಲ ಪ್ರಶ್ನೆಗೆ ಉತ್ತರ ಬರೆದು, ಉಳಿದ ಎರಡನ್ನೂ "ನಿಯಮಾನುಸಾರ" ಅನ್ನುವ ಕಂಬಳಿಯೊಳಗೆ ಮುಚ್ಚಿಟ್ಟಿದ್ದೆ.

ಮೊದಲನೆಯದೂ ಸರಿಯಾಗಿರಲಿಲ್ಲ ಅಂತ ಐದು ನಿಮಿಷದಲ್ಲಿ ಗೊತ್ತಾಯಿತು. ಈ ಖರ್ಚು ಬರುವ ಲೆಕ್ಕ ಶೀರ್ಷಿಕೆಯಲ್ಲಿ 6,10,000 ಉಳಿಕೆ ಇದೆ ಅಂತ ಬರೆದಿದ್ದೆ. ತಂತ್ರಾಂಶದಲ್ಲಿ ಕಾಣುತ್ತಿದ್ದದ್ದು ಅಷ್ಟೇ. ಲೆಕ್ಕಾಧಿಕಾರಿ ಬಾಕಿ ಬಿಲ್ಲುಗಳ ವಹಿ ತರಿಸಿದರು. ಸರಬರಾಜು ಆಗಿ, ಬಿಲ್ಲು ಬಂದು, ಇನ್ನೂ ಖಜಾನೆಗೆ ಹೋಗದ ಕಾಗದಗಳು 95,000ದಷ್ಟು ಇದ್ದವು. ಆ ಹಣ ಕಣ್ಣಿಗೆ ಕಾಣುತ್ತದೆ, ಆದರೆ ನಮ್ಮದಲ್ಲ. ಉಳಿದದ್ದು 5,15,000. "ಉಳಿಕೆ ಬೇರೆ, ಲಭ್ಯ ಬೇರೆ ಕಣ್ರೀ" ಅಂದರು. ಈಗಲೂ ನಾನು ಯಾರ ಟಿಪ್ಪಣಿ ನೋಡಿದರೂ ಮೊದಲು ಹುಡುಕುವುದು ಈ ಒಂದು ಕಳೆಯುವ ಲೆಕ್ಕವನ್ನು. ಹತ್ತರಲ್ಲಿ ಏಳರಲ್ಲಿ ಇರುವುದಿಲ್ಲ.

ಎರಡನೇ ಪ್ರಶ್ನೆ ಅಧಿಕಾರದ್ದು. ಇದರ ಮಿತಿ ಇಲಾಖೆಯಿಂದ ಇಲಾಖೆಗೆ, ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ. ನಮ್ಮ ನಿರ್ದೇಶಕರಿಗೆ ಇಂಥ ಖರೀದಿಗೆ ಆಗ 5 ಲಕ್ಷ ಇತ್ತು ಅಂತಿಟ್ಟುಕೊಳ್ಳಿ. ನನ್ನ ಮೊತ್ತ 4,32,000. ಆರಾಮಾಗಿ ಒಳಗಿದೆ ಅಲ್ವಾ? ಲೆಕ್ಕಾಧಿಕಾರಿ ದರಪಟ್ಟಿಯ ಕೊನೆಯ ಸಾಲಿಗೆ ಬೆರಳಿಟ್ಟರು. ಸಣ್ಣ ಅಕ್ಷರದಲ್ಲಿ ಇತ್ತು: ಜಿಎಸ್‌ಟಿ ಪ್ರತ್ಯೇಕ. ಶೇ. 18. ಅಂದರೆ 77,760. ಒಟ್ಟು 5,09,760.

ಈಗ ನೋಡಿ ಚೆಂದ. ಲಭ್ಯ ಇರುವ ಹಣ 5,15,000, ಅದು ಸಾಕು. ಆದರೆ ಅಧಿಕಾರ 5,00,000, ಅದು ಸಾಲದು. 9,760 ರೂಪಾಯಿ ಜಾಸ್ತಿ. ದುಡ್ಡಿದೆ, ಖರ್ಚು ಮಾಡಲು ನಮ್ಮ ಸಾಹೇಬರಿಗೆ ಕೈಯಿಲ್ಲ. ಅನುದಾನ ಬೇರೆ, ಮಂಜೂರಾತಿ ಬೇರೆ ಅನ್ನುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಾರರು.

ಒಂದು ರ‍್ಯಾಕ್ ಕಡಿಮೆ ಮಾಡಿ

ಮಿತಿ ದಾಟಿದರೆ ಏನಾಗುತ್ತದೆ? ಕಡತ ಸರ್ಕಾರಕ್ಕೆ ಹೋಗಬೇಕು. ನಮ್ಮಂಥ ಕಚೇರಿಗಳಲ್ಲಿ "ಸರ್ಕಾರ" ಅಂದರೆ ಸಚಿವಾಲಯ. ನಿರ್ದೇಶಕರ ಸಹಿಯಲ್ಲಿ ಪ್ರಸ್ತಾವನೆ. ಅಲ್ಲಿ ಮತ್ತೆ ಕೇಸ್ ವರ್ಕರ್, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ. ಮಧ್ಯೆ ಆಂತರಿಕ ಆರ್ಥಿಕ ಸಲಹೆಗಾರರು. ಅವರಿಗೂ ಕೈ ಮೀರಿದ್ದಾದರೆ ಆರ್ಥಿಕ ಇಲಾಖೆ. ಒಬ್ಬರು ಒಂದು ಪ್ರಶ್ನೆ ಕೇಳಿದರೆ ಕಡತ ಮೇಲಿನಿಂದ ಕೆಳಗಿನವರೆಗೆ ಇಳಿದು, ನಮ್ಮ ಕಚೇರಿಗೆ ಪತ್ರವಾಗಿ ಬಂದು, ಉತ್ತರವಾಗಿ ಮತ್ತೆ ಹತ್ತಬೇಕು. ಎಲ್ಲ ಸರಿಹೋದರೆ ಕೊನೆಗೆ ಒಂದು ಸರ್ಕಾರಿ ಆದೇಶ ಬರುತ್ತದೆ, "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ. ಇಪ್ಪತ್ತನಾಲ್ಕು ರ‍್ಯಾಕಿಗೆ ರಾಜ್ಯಪಾಲರ ಹೆಸರು! ನಗು ಬರುತ್ತದೆ ನಿಜ. ಆದರೆ ಅಷ್ಟರಲ್ಲಿ ಮಾರ್ಚ್ 31 ಬಂದರೆ ಅನುದಾನ ಲ್ಯಾಪ್ಸ್. ಲ್ಯಾಪ್ಸ್ ಆಗುತ್ತದೆ ಅಂತ ಮೊದಲೇ ಹಣ ಸೆಳೆದು ಇಟ್ಟುಕೊಳ್ಳುವಂತೆಯೂ ಇಲ್ಲ. ಮುಂದಿನ ವರ್ಷ ಮೊದಲ ಪುಟದಿಂದ ಶುರು.

ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿಯೇ ಎಲ್ಲರ ಪ್ರಾಣವೂ ಮಿತಿಯ ಒಳಗೆ ಉಳಿಯುವುದರಲ್ಲಿ ಇರುತ್ತದೆ. ಸಂಜೆ ಟೀ ಕುಡಿಯುವಾಗ ಹಿರಿಯ ಸಹೋದ್ಯೋಗಿಯೊಬ್ಬರು ಪರಿಹಾರ ಹೇಳಿಯೇಬಿಟ್ಟರು. "ಇದಕ್ಕೆ ಯಾಕಪ್ಪ ತಲೆ ಕೆಡಿಸ್ಕೊಳ್ತೀಯ? ಒಂದು ರ‍್ಯಾಕ್ ತೆಗಿ. ಆ ಒಂದನ್ನ ಏಪ್ರಿಲ್‌ನಲ್ಲಿ ತರಿಸ್ಕೊಂಡ್ರಾಯ್ತು." ಬಾಯಲ್ಲೇ ಲೆಕ್ಕ ಹಾಕಿದರು. 23ಕ್ಕೆ 4,14,000. ತೆರಿಗೆ 74,520. ಒಟ್ಟು 4,88,520. ಒಳಗೆ ಬಂತು.

ನಾನು ಮಾರನೇ ದಿನ ಹೊಸ ಹಾಳೆಯಲ್ಲಿ ಹಾಗೇ ಬರೆದೆ. ಈ ಸಲ ಡೆಲಿಗೇಷನ್ ಆದೇಶದ ಸಂಖ್ಯೆ, ದಿನಾಂಕ, ಅನುಬಂಧದ ಕ್ರಮಸಂಖ್ಯೆ ಎಲ್ಲಾ ಹಾಕಿದೆ. ಬಾಕಿ ಬಿಲ್ಲು ಕಳೆದು ತೋರಿಸಿದೆ. "ನಿಯಮಾನುಸಾರ" ಅನ್ನುವ ಪದವನ್ನೇ ಬಿಟ್ಟೆ. ನೋಡಲು ಬಲು ಗಟ್ಟಿಯಾದ ಟಿಪ್ಪಣಿ.

ಎರಡು ದಿನಕ್ಕೆ ವಾಪಸ್ ಬಂತು. ಈ ಸಲ ಪೆನ್ಸಿಲ್ ಅಲ್ಲ, ಹಸಿರು ಶಾಯಿ. "ಪುಟ 3ರಂತೆ ಬೇಡಿಕೆ 24. ಪ್ರಸ್ತಾಪ 23. ಒಂದು ರ‍್ಯಾಕ್ ಎಲ್ಲಿ ಹೋಯಿತು? ಪರಿಶೀಲಿಸಿ ಮಂಡಿಸಿ."

ಆ ಹಸಿರು ಸಾಲನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಕಿರಿಕಿರಿ ಆಯಿತು. ಗೋಡೆ ಸೋರುತ್ತಿದೆ, ಕಡತಗಳು ನೆಲದ ಮೇಲಿವೆ, ಇವರಿಗೆ ಒಂದು ರ‍್ಯಾಕಿನ ಚಿಂತೆ. ಹೋಗಿ ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ನಿಮಗೆ 24 ಬೇಕಾ, 23 ಬೇಕಾ? ಅದನ್ನ ಹೇಳಿ ಸಾಕು. 24 ಬೇಕಿದ್ದೂ ಈಗ 23 ತಗೊಂಡು, ಆಮೇಲೆ ಒಂದು ತಗೊಂಡರೆ ಅದು ಒಡೆದದ್ದು. ನಿಜಕ್ಕೂ 23 ಸಾಕು ಅಂದ್ರೆ ಅದು ಒಡೆದದ್ದಲ್ಲ. ಎರಡಕ್ಕೂ ಬಿಲ್ಲು ಒಂದೇ ಥರ ಇರುತ್ತೆ. ವ್ಯತ್ಯಾಸ ಇರೋದು ಟಿಪ್ಪಣಿಯಲ್ಲಿ ಮಾತ್ರ."

ಮೇಲಿನವರ ಮಂಜೂರಾತಿಯನ್ನು ತಪ್ಪಿಸಲು ಖರೀದಿಯನ್ನು ತುಂಡು ಮಾಡಬಾರದು ಅನ್ನುವುದು ಆರ್ಥಿಕ ನಿಯಮಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು. ಆದರೆ ಬಹಳ ಜನ ಅದನ್ನು ಮೊತ್ತದ ನಿಯಮ ಅಂದುಕೊಂಡಿದ್ದಾರೆ. ಅದು ಬೇಡಿಕೆಯ ನಿಯಮ. ಒಂದೇ ಸಮಯದಲ್ಲಿ, ಒಂದೇ ಕೆಲಸಕ್ಕೆ, ಇಷ್ಟು ಬೇಕು ಅಂತ ನಿಮಗೆ ಗೊತ್ತಿತ್ತೇ? ಗೊತ್ತಿದ್ದರೆ ಒಟ್ಟು ಮೊತ್ತಕ್ಕೆ ಯಾರಿಗೆ ಅಧಿಕಾರ ಇದೆಯೋ ಅವರ ಹತ್ತಿರ ಹೋಗಿ. ಅಷ್ಟೇ.

ಇದರ ಇನ್ನೊಂದು ಮುಖವೂ ಅದೇ ಕಡತದಲ್ಲಿತ್ತು. ನಾನು ಅತಿ ಜಾಣತನದಿಂದ ಸೋರುವ ಗೋಡೆಯ ರಿಪೇರಿಯನ್ನೂ ಇದಕ್ಕೇ ಸೇರಿಸಲು ಹೊರಟಿದ್ದೆ, ಎಲ್ಲಾ ರೆಕಾರ್ಡ್ ರೂಮಿನದೇ ತಾನೇ ಅಂತ. ಲೆಕ್ಕಾಧಿಕಾರಿ ಅದನ್ನು ತೆಗೆಸಿದರು. ಗೋಡೆ ಕಾಮಗಾರಿ. ಅದಕ್ಕೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಂದು ಅಂದಾಜು ಪಟ್ಟಿ ಮಾಡಬೇಕು, ಎಸ್.ಆರ್. ಅಂದರೆ ಅವರ ಇಲಾಖೆಯ ದರಪಟ್ಟಿಯ ದರ ಹಾಕಬೇಕು, ತಾಂತ್ರಿಕ ಮಂಜೂರಾತಿ ಆಗಬೇಕು. ಲೆಕ್ಕ ಶೀರ್ಷಿಕೆಯೂ ಬೇರೆ. ಅದು ಬೇರೆ ಕಡತವಾಗುವುದೇ ಸರಿ, ಒಡೆಯುವುದಲ್ಲ. ಅಂದರೆ ಒಂದೇ ಕೋಣೆಯ ಎರಡು ಕೆಲಸವನ್ನು ಎರಡು ಕಡತ ಮಾಡುವುದು ನ್ಯಾಯ. ಒಂದೇ ಥರದ 24 ರ‍್ಯಾಕನ್ನು ಎರಡು ಕಡತ ಮಾಡುವುದು ತಪ್ಪು. ಬೇರೆ ಮಾಡುವುದು ಬೇರೆ, ಒಡೆಯುವುದು ಬೇರೆ.

ಟೇಪು ಹಿಡಿದು

"ಒಂದು ರ‍್ಯಾಕ್ ಎಲ್ಲಿ ಹೋಯಿತು" ಅನ್ನುವುದಕ್ಕೆ ಉತ್ತರ ಮೇಜಿನ ಮೇಲೆ ಸಿಗುವ ಹಾಗಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ದಲಾಯತರನ್ನು ಕರೆದುಕೊಂಡು ರೆಕಾರ್ಡ್ ರೂಮಿಗೆ ಹೋದೆ. ಎಲೆಕ್ಟ್ರಿಷಿಯನ್ ಹತ್ತಿರ ಒಂದು ಅಳತೆ ಟೇಪು ಕಡ ತಂದಿದ್ದೆವು. ದಲಾಯತರಿಗೆ ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಆ ಕೋಣೆಯಲ್ಲಿ ಯಾವ ಬೀರು ಯಾವ ಇಸವಿಯಲ್ಲಿ ಬಂತು ಅನ್ನುವುದೂ ಅವರಿಗೆ ಗೊತ್ತಿತ್ತು. ಒಳಗೆ ಕಾಲಿಟ್ಟರೆ ಒದ್ದೆ ಕಾಗದದ ವಾಸನೆ. ಉತ್ತರದ ಗೋಡೆಯಲ್ಲಿ ಸುಣ್ಣ ಉಬ್ಬಿ ಚಕ್ಕೆ ಚಕ್ಕೆ ಎದ್ದಿತ್ತು. ಅದರ ಬುಡದಲ್ಲಿ ಬಟ್ಟೆ ಸುತ್ತಿದ ಕಟ್ಟುಗಳು.

ಕೋಣೆ 30 ಅಡಿ ಉದ್ದ, 18 ಅಡಿ ಅಗಲ. ರ‍್ಯಾಕ್ ಒಂದೊಂದೂ 6 ಅಡಿ ಉದ್ದ, ಒಂದೂವರೆ ಅಡಿ ಆಳ. ಅಗಲದ ಉದ್ದಕ್ಕೆ ಎರಡೆರಡು ರ‍್ಯಾಕಿನ ಸಾಲು. ಒದ್ದೆ ಗೋಡೆಯಿಂದ ಒಂದು ಅಡಿ ಬಿಟ್ಟು ಮೊದಲ ಸಾಲು. ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಜೋಡಿ ಸಾಲು. ಎದುರು ಗೋಡೆಗೆ ಕೊನೆಯ ಸಾಲು. ನಡುವೆ ಎರಡೂವರೆ ಅಡಿಯ ಐದು ಓಣಿ. ಅದಕ್ಕಿಂತ ಕಿರಿದಾದರೆ ಕಟ್ಟು ಹೊತ್ತು ತಿರುಗಲು ಆಗುವುದಿಲ್ಲ ಅಂತ ದಲಾಯತರು ಖಡಾಖಂಡಿತವಾಗಿ ಹೇಳಿದರು, ಒಂದು ಕಟ್ಟು ಎತ್ತಿಕೊಂಡು ತಿರುಗಿಯೂ ತೋರಿಸಿದರು. ಲೆಕ್ಕ ಹಾಕಿದರೆ ಇಪ್ಪತ್ತೆಂಟೂವರೆ ಅಡಿ ಮುಗಿಯಿತು. ಹತ್ತು ಸಾಲು, ಇಪ್ಪತ್ತು ರ‍್ಯಾಕ್. ಪಕ್ಕದ ಉದ್ದ ಗೋಡೆಯಲ್ಲಿ ಬಾಗಿಲು, ಕಿಟಕಿ ಬಿಟ್ಟರೆ ಇನ್ನು ಎರಡಕ್ಕೆ ಜಾಗ. ಒಟ್ಟು 22.

ಇಪ್ಪತ್ತನಾಲ್ಕು ಹಿಡಿಯುವುದೇ ಇಲ್ಲ. ಇಪ್ಪತ್ತಮೂರೂ ಇಲ್ಲ. ರೆಕಾರ್ಡ್ ಕೀಪರ್ 24 ಬೀರು ಹೋದವು ಅಂತ 24 ರ‍್ಯಾಕ್ ಕೇಳಿದ್ದರು. ಹಳೆಯ ಬೀರುಗಳು ಚಿಕ್ಕವು ಅಂತ ಯಾರೂ ಯೋಚಿಸಿರಲಿಲ್ಲ. ಆರು ಜನರ ಮೇಜು ದಾಟಿದ ಕಡತ ಅದು. ಕೋಣೆಗೆ ಹೋಗಿ ನೋಡಿದವರು ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಕೈಯಲ್ಲೇ ಒಂದು ನಕ್ಷೆ ಬರೆದೆ. ಅದು ಕಡತದ 31ನೇ ಪುಟವಾಯಿತು. ರೆಕಾರ್ಡ್ ಕೀಪರ್ ಹತ್ತಿರ ಪರಿಷ್ಕೃತ ಬೇಡಿಕೆ ತೆಗೆದುಕೊಂಡೆ. 22ಕ್ಕೆ 3,96,000. ತೆರಿಗೆ 71,280. ಒಟ್ಟು 4,67,280. ಲೆಕ್ಕಾಧಿಕಾರಿ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಸಾಲು ಬರೆದರು: "ಕಂಡಿಕೆ 19 ಮತ್ತು ಪುಟ 31ರ ಹಿನ್ನೆಲೆಯಲ್ಲಿ ಒಪ್ಪಬಹುದು. ಮೊತ್ತ ನಿರ್ದೇಶಕರ ಪ್ರತ್ಯಾಯೋಜಿತ ಮಿತಿಯೊಳಗಿದೆ. ಟೆಂಡರ್ ದರ ಈ ಮೊತ್ತ ಮೀರಿದಲ್ಲಿ ಪುನಃ ಮಂಡಿಸತಕ್ಕದ್ದು."

ಆ ಕೊನೆಯ ವಾಕ್ಯದ ಬೆಲೆ ನನಗೆ ತಿಳಿದದ್ದು ತಡವಾಗಿ. ಮಂಜೂರಾತಿ ಸಿಕ್ಕಿದ್ದು ಅಂದಾಜಿಗೆ. ಟೆಂಡರ್ ಕರೆದಾಗ ದರ ಜಾಸ್ತಿ ಬಂದರೆ ಹಳೆಯ ಸಹಿ ಕೆಲಸಕ್ಕೆ ಬರುವುದಿಲ್ಲ. ಅದನ್ನು ಮೊದಲೇ ಬರೆದಿಟ್ಟರೆ ಮುಂದಿನ ಕೇಸ್ ವರ್ಕರ್ "ಅನುಮೋದನೆ ಆಗಿದೆಯಲ್ಲ" ಅಂತ ಸರಬರಾಜು ಆದೇಶ ಹೊರಡಿಸುವುದಿಲ್ಲ.

ಓದುವವರು, ಸಹಿ ಹಾಕುವವರು

ಲೆಕ್ಕಾಧಿಕಾರಿಯಿಂದ ಮುಂದಕ್ಕೆ ಉಪ ನಿರ್ದೇಶಕರು, ಜಂಟಿ ನಿರ್ದೇಶಕರು, ನಿರ್ದೇಶಕರು. ಉಪ ನಿರ್ದೇಶಕರು "ಮೇಲಿನ ಕಂಡಿಕೆಗಳನ್ನು ಅವಗಾಹಿಸಬಹುದು" ಅಂತ ಬರೆದರು. ಜಂಟಿ ನಿರ್ದೇಶಕರು ಏನೂ ಬರೆಯದೆ ಸಹಿ ಹಾಕಿದರು. ನಿರ್ದೇಶಕರು "ಅನುಮೋದಿಸಿದೆ" ಅಂದರು. ಎಂಟು ಸಹಿ. ನನ್ನ ಅಂದಾಜಿನಲ್ಲಿ ಪೂರ್ತಿ ಓದಿದವರು ಇಬ್ಬರು: ಲೆಕ್ಕಾಧಿಕಾರಿ, ಮತ್ತೆ ಅಧೀಕ್ಷಕ ಮೇಡಂ. ಮೇಡಂ ಓದಿದ್ದು ನನಗೆ ಗೊತ್ತಾದದ್ದು ಅವರು ನನ್ನ ಕಾಗುಣಿತ ತಿದ್ದಿದ್ದರಿಂದ.

ಇದನ್ನು ದೂರು ಅಂತ ಹೇಳುತ್ತಿಲ್ಲ. ನಿರ್ದೇಶಕರ ಮೇಜಿಗೆ ದಿನಕ್ಕೆ ಅರವತ್ತು ಕಡತ ಬಂದರೆ ಅವರು 31ನೇ ಪುಟದ ನಕ್ಷೆ ನೋಡುತ್ತ ಕೂರಲು ಆಗುತ್ತದೆಯೇ? ಅವರು ನೋಡುವುದು ಲೆಕ್ಕಾಧಿಕಾರಿ ಏನು ಬರೆದಿದ್ದಾರೆ ಅನ್ನುವುದನ್ನು. ಆದರೆ ಇದರಲ್ಲಿ ಒಂದು ಅಪಾಯ ಇದೆ. ಕೆಳಗಿನವನು ಮೇಲಿನವರು ನೋಡುತ್ತಾರೆ ಅಂದುಕೊಳ್ಳುತ್ತಾನೆ. ಮೇಲಿನವರು ಕೆಳಗಿನವನು ನೋಡಿರುತ್ತಾನೆ ಅಂದುಕೊಳ್ಳುತ್ತಾರೆ. "ನಿಯಮಾನುಸಾರ" ಅನ್ನುವ ಪದ ಈ ಎರಡು ಅಂದುಕೊಳ್ಳುವಿಕೆಯ ಮಧ್ಯೆ ಆರಾಮಾಗಿ ಬದುಕುತ್ತದೆ. ಅದಕ್ಕೇ ನನಗೆ ಆ ಪದ ಕಂಡರೆ ಆಗುವುದಿಲ್ಲ.

ಹಾಗೆ ಬದುಕಿದ ಒಂದು ಕಡತವನ್ನು ಮುಂದೆ ಬೇರೊಂದು ಕಚೇರಿಯಲ್ಲಿ ನೋಡಿದೆ. ನಾನು ಹೋಗುವ ಮೊದಲೇ ನಡೆದದ್ದು. 40 ಕುರ್ಚಿಯನ್ನು ಹತ್ತು ಹತ್ತರಂತೆ ನಾಲ್ಕು ಕಡತದಲ್ಲಿ ಕೊಂಡಿದ್ದರು. ನಾಲ್ಕರಲ್ಲೂ "ನಿಯಮಾನುಸಾರ". ನಾಲ್ಕರಲ್ಲೂ ಮೊತ್ತ ಮಿತಿಗಿಂತ ಸ್ವಲ್ಪವೇ ಕಡಿಮೆ. ಆಡಿಟ್‌ನವರು ಹಿಡಿಯಲು ಕಷ್ಟಪಡಲೇ ಇಲ್ಲ. ನಾಲ್ಕು ಬಿಲ್ಲುಗಳ ಸಂಖ್ಯೆ ಒಂದರ ಹಿಂದೆ ಒಂದು ಇತ್ತು, ದಿನಾಂಕ ಅದೇ ವಾರದ್ದು. ಮೂರು ಅಂಗಡಿಯ ದರಪಟ್ಟಿಯಲ್ಲೂ ಒಂದೇ ಕಾಗುಣಿತದ ತಪ್ಪು. ನಾಲ್ಕೂ ಟಿಪ್ಪಣಿಗಳನ್ನು ಸಾಲಾಗಿ ಇಟ್ಟರೆ 40 ಕುರ್ಚಿ ಬೇಕು ಅಂತ ಕೋರಿದ ಪತ್ರ ಒಂದೇ ಇತ್ತು, ಅದರ ನಾಲ್ಕು ಜೆರಾಕ್ಸ್. ಯಾರಾದರೂ ದುಡ್ಡು ತಿಂದಿದ್ದರು ಅಂತ ನನಗೆ ಅನಿಸಲಿಲ್ಲ. ಮೇಲೆ ಕಳಿಸಿದರೆ ತಡವಾಗುತ್ತದೆ ಅಂತ ಮಾಡಿದ್ದು ಅಷ್ಟೇ. ಆದರೆ ಆಕ್ಷೇಪಣೆಗೆ ಉತ್ತರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಏನು ಬರೆಯಲಿ? ಟಿಪ್ಪಣಿಯಲ್ಲಿ ಹಿಡಿದುಕೊಳ್ಳಲು ಒಂದು ಕಾರಣವೂ ಇರಲಿಲ್ಲ.

ಈಗ ಇ-ಆಫೀಸ್ ಬಂದಿದೆ. ಕಡತ ಯಾರ ಹತ್ತಿರ ಎಷ್ಟು ದಿನ ಇತ್ತು ಅಂತ ಒಂದು ಕ್ಲಿಕ್ಕಿಗೆ ಗೊತ್ತಾಗುತ್ತದೆ. ಮೊದಲು ಹಳದಿ ಟಿಪ್ಪಣಿ, ಅದು ಕರಡು. ಒಪ್ಪಿದರೆ ಹಸಿರು, ಆಮೇಲೆ ಯಾರೂ ಮುಟ್ಟುವಂತಿಲ್ಲ. ಹಿಂದೆ ಪೆನ್ಸಿಲಿನಲ್ಲಿ ಬರೆದ ಚೀಟಿ ಮಾಡುತ್ತಿದ್ದ ಕೆಲಸವನ್ನು ಈಗ ಹಳದಿ ಟಿಪ್ಪಣಿ ಮಾಡುತ್ತದೆ. ಆದರೆ ಹಳೆಯ ಕಡತದಿಂದ ಕಾಪಿ ಮಾಡಿ ಪೇಸ್ಟ್ ಮಾಡುವುದು ಈಗ ಎಷ್ಟು ಸುಲಭ ಅಂದರೆ, ನಮ್ಮ ಹುಡುಗನ ಪ್ರಿಂಟರ್ ಟಿಪ್ಪಣಿಯಲ್ಲಿ ಒಂದು ಕಡೆ "ಸದರಿ ಕಂಪ್ಯೂಟರ್ ಮೇಜುಗಳನ್ನು" ಅಂತ ಉಳಿದುಹೋಗಿತ್ತು.

ರ‍್ಯಾಕ್ ಕಥೆ ಮುಗಿಸುತ್ತೇನೆ. ಮೊದಲ ಟಿಪ್ಪಣಿ ಅಕ್ಟೋಬರ್‌ನಲ್ಲಿ, ನಿರ್ದೇಶಕರ ಸಹಿ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಒಂದು ಹಿಂಗಾರು ಮಳೆ ಬಂದು ಗೋಡೆ ಬುಡದ ಏಳು ಕಟ್ಟು ಮುದ್ದೆಯಾದವು. ಬಿಚ್ಚಿದರೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಆ ಹಸಿರು ಸಾಲು ಬರದಿದ್ದರೆ ಮೂರು ವಾರ ಉಳಿಯುತ್ತಿತ್ತು, ಏಳು ಕಟ್ಟೂ ಉಳಿಯುತ್ತಿದ್ದವೋ ಏನೋ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ರ‍್ಯಾಕ್‌ಗಳು ಫೆಬ್ರವರಿಯಲ್ಲಿ ಬಂದವು. ಎರಡು ವರ್ಷ ಬಿಟ್ಟು ಎ.ಜಿ. ಅಂದರೆ ಮಹಾಲೇಖಪಾಲರ ಕಚೇರಿಯ ಆಡಿಟ್‌ನವರು ಬಂದರು. ನಮ್ಮ ಕಡತ ತೆಗೆದುಕೊಂಡಾಗ ನಾನು ಸಿದ್ಧನಾಗಿದ್ದೆ. 24 ಯಾಕೆ 22 ಆಯಿತು ಅಂತ ಕೇಳಲಿ, 31ನೇ ಪುಟ ತೋರಿಸುತ್ತೇನೆ ಅಂತ. ಅವರು ಕೇಳಲೇ ಇಲ್ಲ. ಪುಟ ತಿರುವಿದರು, ನಕ್ಷೆಯ ಮೇಲೆ ಒಂದು ಕ್ಷಣ ಕಣ್ಣು ನಿಂತಿತು, ಮುಂದೆ ಹೋದರು. ಆಮೇಲೆ ದಾಸ್ತಾನು ವಹಿ ಹಿಡಿದು ರೆಕಾರ್ಡ್ ರೂಮಿಗೆ ಹೋಗಿ ಎಣಿಸಿ ಬಂದರು. ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಟ್ಟರು: "ವಹಿಯಂತೆ ರ‍್ಯಾಕ್ 22. ಭೌತಿಕವಾಗಿ 21. ಒಂದು ಎಲ್ಲಿ?"

ಹುಡುಕಿದೆವು. ಕೆಳಗಿನ ಮಹಡಿಯ ಟಪಾಲು ಶಾಖೆಯಲ್ಲಿ ಸಿಕ್ಕಿತು. ಮೇಲಿನ ಹಂತದಲ್ಲಿ ಎರಡು ಟೀ ಫ್ಲಾಸ್ಕು, ಮಧ್ಯೆ ಊಟದ ಡಬ್ಬಿಗಳು, ಕೆಳಗೆ ಯಾರದೋ ಹೆಲ್ಮೆಟ್ಟು. ಯಾರು ಯಾವಾಗ ಒಯ್ದರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಡಬ್ಬಿ ಇಳಿಸಿ, ಇಬ್ಬರು ಎರಡು ತುದಿ ಹಿಡಿದು ಮೆಟ್ಟಿಲು ಹತ್ತಿಸಿದೆವು. ಬಾಗಿಲ ಪಕ್ಕದ ಗೋಡೆಯಲ್ಲಿ, ನಕ್ಷೆಯಲ್ಲಿ ತೋರಿಸಿದ್ದ ಜಾಗದಲ್ಲಿ, ಅದು ಸರಿಯಾಗಿ ಕೂತಿತು.